ಬ್ಯಾಂಕೇ ಸಾಲದ ಮಂಜೂರಾತಿ ರದ್ದು ಮಾಡಿದಾಗ ಪ್ರೊಸೆಸಿಂಗ್ ಶುಲ್ಕವನ್ನು ವಾಪಸ್ ಪಡೆಯುವ ಬಗೆ

2025ರ ಏಪ್ರಿಲ್ ಕೊನೆಯ ವಾರ ನಮ್ಮ ಓಣಿಯ ಮಾಸ್ತರರೊಬ್ಬರು ಒಂದು ಹಾಳೆ ಹಿಡಿದುಕೊಂಡು ನನ್ನ ಮನೆಗೆ ಬಂದರು. ಕಲಬುರಗಿಯ ಒಂದು ಬ್ಯಾಂಕ್ ಶಾಖೆ ಅವರಿಗೆ 24 ಲಕ್ಷ ರೂಪಾಯಿ ಗೃಹಸಾಲ ಮಂಜೂರು ಮಾಡಿತ್ತು. ಏಳು ವಾರ ಕಳೆದ ಮೇಲೆ ಫೋನಿನಲ್ಲಿ ‘ರದ್ದಾಗಿದೆ ಸರ್’ ಎಂದಷ್ಟೇ ತಿಳಿಸಿತ್ತು. ಕಟ್ಟಿದ ಶುಲ್ಕ ಕೇಳಲು ಹೋದರೆ ಈ ಹಾಳೆ ಕೊಟ್ಟು, ‘ಇದಕ್ಕೆ ಸಹಿ ಹಾಕಿ ಕೊಡಿ, ಮೇಲಕ್ಕೆ ಕಳುಹಿಸುತ್ತೇವೆ’ ಎಂದಿದ್ದರಂತೆ.

ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು ಮುದ್ರಿಸಿತ್ತು. ಅದರ ಸಾರ ಇಷ್ಟು: ವೈಯಕ್ತಿಕ ಕಾರಣಗಳಿಂದ ನನಗೆ ಈ ಸಾಲ ಬೇಡವಾಗಿದೆ, ಮಂಜೂರಾತಿಯನ್ನು ರದ್ದು ಮಾಡಿ ನಿಯಮದ ಪ್ರಕಾರ ಹಣ ಹಿಂತಿರುಗಿಸಬೇಕು. ಮಾಸ್ತರರು ಕೊನೆಯ ಸಾಲನ್ನು ಮಾತ್ರ ಓದಿದ್ದರು. ನಾನು ಮೊದಲ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಇದಕ್ಕೆ ಸಹಿ ಬಿದ್ದಿದ್ದರೆ ‘ನಿಯಮದ ಪ್ರಕಾರ’ ಬರಬೇಕಾದ ಮೊತ್ತ ಸೊನ್ನೆ. ಏಕೆಂದರೆ ಗ್ರಾಹಕನೇ ಸಾಲ ಬೇಡವೆಂದರೆ ಶುಲ್ಕ ಹಿಂತಿರುಗಿಸುವುದಿಲ್ಲ ಎಂದು ಅವರ ಮಂಜೂರಾತಿ ಪತ್ರದಲ್ಲೇ ಬರೆದಿತ್ತು.

ನಾನು ಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬ್ಯಾಂಕಿನ ಒಳಗೆ ಕುಳಿತು ನೋಡಿದ್ದರಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ಸಾಲವನ್ನು ರದ್ದು ಮಾಡಿದವರು ಯಾರು ಎಂಬುದು ಕಾಗದದ ಮೇಲೆ ಹೇಗೆ ದಾಖಲಾಗುತ್ತದೆ ಎಂಬುದರ ಮೇಲೆಯೇ ಶುಲ್ಕದ ಹಣೆಬರಹ ನಿಂತಿದೆ. ಉಳಿದ ಹಂತಗಳೆಲ್ಲ ಇದರ ಹಿಂದೆ ಬರುತ್ತವೆ. ಹಾಗಾಗಿ ಇದನ್ನೇ ಮೊದಲು ವಿವರಿಸುತ್ತೇನೆ.

ಮೂರು ಬಗೆಯ ರದ್ದು

ಸಾಲ ಮಂಜೂರಾದ ಮೇಲೂ ಹಣ ಕೈಗೆ ಬಾರದಿರುವುದು ಮೂರು ರೀತಿಯಲ್ಲಿ ಆಗುತ್ತದೆ. ಮೊದಲನೆಯದು, ಗ್ರಾಹಕ ತಾನಾಗಿಯೇ ಹಿಂದೆ ಸರಿಯುವುದು. ಬೇರೆ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ ಸಿಕ್ಕಿತು, ಮನೆ ಕೊಳ್ಳುವ ಮನಸ್ಸು ಬದಲಾಯಿತು ಎಂಬಂಥವು. ಎರಡನೆಯದು, ಮಂಜೂರಾತಿಯ ಅವಧಿ ಮುಗಿದುಹೋಗುವುದು. ಮಂಜೂರಾತಿ ಪತ್ರದಲ್ಲಿ ಸಾಮಾನ್ಯವಾಗಿ ಮೂರು ತಿಂಗಳು, ಆರು ತಿಂಗಳು ಎಂದು ಗಡುವು ಇರುತ್ತದೆ. ಅಷ್ಟರೊಳಗೆ ದಾಖಲೆ ಕೊಟ್ಟು ಹಣ ಪಡೆಯದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಮೂರನೆಯದು, ಅವಧಿ ಇನ್ನೂ ಇರುವಾಗಲೇ, ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕ್ ತನ್ನದೇ ಕಾರಣಕ್ಕೆ ಮಂಜೂರಾತಿಯನ್ನು ಹಿಂತೆಗೆದುಕೊಳ್ಳುವುದು.

ಮೊದಲ ಎರಡರಲ್ಲಿ ಶುಲ್ಕ ವಾಪಸ್ ಬರುವುದು ಅಪರೂಪ. ಮೂರನೆಯದರಲ್ಲಿ ನಿಮ್ಮ ಬೇಡಿಕೆಗೆ ಗಟ್ಟಿಯಾದ ನೆಲೆ ಇದೆ. ಶಾಖೆಯವರು ಮೂರನೆಯದನ್ನು ಮೊದಲನೆಯದಾಗಿಯೋ ಎರಡನೆಯದಾಗಿಯೋ ದಾಖಲಿಸಲು ನೋಡುವುದು ಇದಕ್ಕಾಗಿಯೇ. ಯಾವಾಗಲೂ ಕೆಟ್ಟ ಉದ್ದೇಶವೇ ಇರುತ್ತದೆ ಎಂದಲ್ಲ. ಕಂಪ್ಯೂಟರಿನಲ್ಲಿ ರದ್ದು ಮಾಡುವಾಗ ಕಾರಣ ಆರಿಸಬೇಕಾಗುತ್ತದೆ, ‘ಗ್ರಾಹಕರಿಗೆ ಆಸಕ್ತಿ ಇಲ್ಲ’ ಎಂಬುದನ್ನು ಒತ್ತಿದರೆ ಮೇಲಿನವರು ಪ್ರಶ್ನೆ ಕೇಳುವುದಿಲ್ಲ. ಆದರೆ ಆ ಒಂದು ಒತ್ತುವಿಕೆಯಿಂದ ನಿಮ್ಮ ಹಣ ಹೋಗುತ್ತದೆ.

ಮಾಸ್ತರರ ಪ್ರಕರಣ ನಿಸ್ಸಂದೇಹವಾಗಿ ಮೂರನೆಯದು. ಅವರು ಕೊಳ್ಳಲಿದ್ದ ಮನೆಯ ಜಾಗದ ಕೃಷಿಯೇತರ ಬಳಕೆಯ ಎನ್‌ಎ ಆದೇಶ, ಸರ್ವೆ ಇಲಾಖೆಯ ಕೆಜೆಪಿ ಪತ್ರ, ಖಾತಾ, ಋಣಭಾರ ಪತ್ರ ಎಲ್ಲವನ್ನೂ ಬ್ಯಾಂಕಿನದೇ ಪ್ಯಾನೆಲ್ ವಕೀಲರು ನೋಡಿ ಸರಿಯಿದೆ ಎಂದು ಬರೆದುಕೊಟ್ಟಿದ್ದರು. ಆಮೇಲೆ ಪ್ರಾದೇಶಿಕ ಕಚೇರಿ ಆ ಲೇಔಟಿಗೆ ಇನ್ನು ಸಾಲ ಕೊಡಬಾರದು ಎಂದು ತೀರ್ಮಾನಿಸಿತು. ಮಾಸ್ತರರ ಸಂಬಳ, ದಾಖಲೆ, ಹಳೆಯ ಸಾಲದ ಇತಿಹಾಸ ಯಾವುದರಲ್ಲೂ ಏನೂ ಬದಲಾಗಿರಲಿಲ್ಲ.

ನಿಮ್ಮ ಪ್ರಕರಣವನ್ನು ಇಲ್ಲಿಯೇ ಪ್ರಾಮಾಣಿಕವಾಗಿ ಅಳೆದುಕೊಳ್ಳಿ. ಇನ್ನೊಂದು ಕಡೆಯ ಸಾಲವನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದರೆ, ಸಂಬಳದ ಚೀಟಿಯಲ್ಲಿ ವ್ಯತ್ಯಾಸವಿದ್ದರೆ, ಕೇಳಿದ ದಾಖಲೆ ಕೊಡದೆ ತಿಂಗಳುಗಟ್ಟಲೆ ಕಳೆದಿದ್ದರೆ ಬ್ಯಾಂಕ್ ರದ್ದು ಮಾಡಿದರೂ ತಪ್ಪು ನಿಮ್ಮ ಕಡೆಯದಾಗುತ್ತದೆ. ಆಗ ಶುಲ್ಕ ಬರುವ ಸಾಧ್ಯತೆ ತೀರ ಕಡಿಮೆ. ಮಾರುವವರ ಹಕ್ಕುಪತ್ರದಲ್ಲಿ ದೋಷ ಸಿಕ್ಕಿದ್ದರೆ ಅದು ನಡುವಿನ ಸ್ಥಿತಿ. ಕೇಳಬಹುದು, ಪೂರ್ತಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬಾರದು.

ಮೊದಲ ಕೆಲಸ: ರದ್ದತಿಯ ಕಾರಣ ಲಿಖಿತವಾಗಿ ಬರಲಿ

ಫೋನಿನಲ್ಲಿ ಹೇಳಿದ ರದ್ದು ರದ್ದಲ್ಲ. ಅದು ಕಾಗದದಲ್ಲಿ ಬರುವವರೆಗೆ ಹಣದ ವಿಷಯವನ್ನೇ ಎತ್ತಬೇಡಿ. ನಾವು ಮೊದಲು ಕಳುಹಿಸಿದ್ದು ನಾಲ್ಕೇ ಸಾಲಿನ ಇಮೇಲ್: ‘ಮಾರ್ಚ್ 3ರಂದು ಮಂಜೂರಾದ ನನ್ನ ಗೃಹಸಾಲವನ್ನು ರದ್ದು ಮಾಡಲಾಗಿದೆ ಎಂದು ಏಪ್ರಿಲ್ 22ರಂದು ದೂರವಾಣಿಯಲ್ಲಿ ತಿಳಿಸಿದ್ದೀರಿ. ನಾನು ಸಾಲ ಬೇಡವೆಂದು ಹೇಳಿಲ್ಲ. ಈಗಲೂ ಸಾಲ ಪಡೆಯಲು ಸಿದ್ಧನಿದ್ದೇನೆ. ರದ್ದತಿಗೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.’

ಇದರಲ್ಲಿ ಮೂರನೆಯ ವಾಕ್ಯವೇ ಜೀವಾಳ. ‘ಈಗಲೂ ಸಾಲ ಪಡೆಯಲು ಸಿದ್ಧ’ ಎಂಬ ಮಾತು ಅವಧಿ ಮುಗಿಯುವ ಮೊದಲೇ ಬ್ಯಾಂಕಿನ ಇಮೇಲ್ ಪೆಟ್ಟಿಗೆಯಲ್ಲಿ ಬಿದ್ದಿತೆಂದರೆ, ಮುಂದೆ ‘ಗ್ರಾಹಕರು ಬರಲಿಲ್ಲ, ಅವಧಿ ತೀರಿತು’ ಎಂದು ಹೇಳಲು ಬರುವುದಿಲ್ಲ. ಮಾಸ್ತರರ ಮಂಜೂರಾತಿ ಜೂನ್ ಮೊದಲ ವಾರದವರೆಗೆ ಊರ್ಜಿತವಿತ್ತು. ಸುಮ್ಮನೆ ಕಾದಿದ್ದರೆ ಅದು ತಾನಾಗಿಯೇ ಎರಡನೆಯ ಬಗೆಗೆ ಜಾರಿಬಿಡುತ್ತಿತ್ತು.

ಕಾರಣ ಕೇಳುವುದು ಅಧಿಕಪ್ರಸಂಗವಲ್ಲ. ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂಬುದು 2003ರ ಮೇ 5ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲಿದೆ. ಮೊದಲು ಸಣ್ಣ ಸಾಲಗಳಿಗಷ್ಟೇ ಇದ್ದ ಈ ಕಟ್ಟುಪಾಡನ್ನು 2007ರಲ್ಲಿ ಎಲ್ಲ ಬಗೆಯ ಸಾಲಗಳಿಗೂ ವಿಸ್ತರಿಸಲಾಯಿತು. ನಿಮ್ಮ ಪತ್ರದಲ್ಲಿ ಸುತ್ತೋಲೆಯ ಸಂಖ್ಯೆ ಬರೆಯುವ ಅಗತ್ಯವಿಲ್ಲ. ‘ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆಯ ಪ್ರಕಾರ’ ಎಂದರೆ ಸಾಕು, ಓದುವವರಿಗೆ ಅರ್ಥವಾಗುತ್ತದೆ.

ಮೇ 9ರಂದು ಶಾಖೆಯಿಂದ ಎರಡು ಸಾಲಿನ ಉತ್ತರ ಬಂತು: ಪ್ರಾದೇಶಿಕ ಕಚೇರಿಯ ಸೂಚನೆಯಂತೆ ಸದರಿ ಬಡಾವಣೆಯ ಆಸ್ತಿಗೆ ಮಂಜೂರಾತಿಯನ್ನು ಹಿಂಪಡೆಯಲಾಗಿದೆ. ನಮಗೆ ಬೇಕಾಗಿದ್ದು ಅಷ್ಟೇ. ಈ ಕಾಗದ ಇನ್ನೊಂದು ಕಡೆಯೂ ಉಪಯೋಗಕ್ಕೆ ಬಂತು. ಮನೆ ಮಾರುವವರಿಗೆ ಮಾಸ್ತರರು ಮುಂಗಡ ಕೊಟ್ಟಿದ್ದರು. ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂದು ಕರಾರಿನಲ್ಲಿ ಇದ್ದುದರಿಂದ ಅದಕ್ಕೂ ಇದೇ ಪುರಾವೆಯಾಯಿತು.

ಕಟ್ಟಿದ ಹಣವನ್ನು ಬಿಡಿಸಿ ಬರೆಯಿರಿ

ಜನ ‘ಪ್ರೊಸೆಸಿಂಗ್ ಫೀ ಇಪ್ಪತ್ತು ಸಾವಿರ ಹೋಯಿತು’ ಎಂದು ಒಟ್ಟಾಗಿ ಹೇಳುತ್ತಾರೆ. ಬ್ಯಾಂಕಿಗೆ ಹಾಗೆ ಬರೆದರೆ ಉತ್ತರವೂ ಒಟ್ಟಾಗಿಯೇ ‘ಸಾಧ್ಯವಿಲ್ಲ’ ಎಂದು ಬರುತ್ತದೆ. ಪಾಸ್‌ಬುಕ್ ತೆರೆದಿಟ್ಟುಕೊಂಡು ಒಂದೊಂದು ಕಡಿತವನ್ನೂ ದಿನಾಂಕದೊಡನೆ ಬೇರೆ ಮಾಡಬೇಕು.

ಮಾಸ್ತರರು ಕಟ್ಟಿದ್ದು ಹೀಗಿತ್ತು. ಸಾಲದ ಶೇಕಡಾ ಅರ್ಧದಂತೆ ಪ್ರೊಸೆಸಿಂಗ್ ಶುಲ್ಕ 12,000 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 2,160. ಪ್ಯಾನೆಲ್ ವಕೀಲರ ಅಭಿಪ್ರಾಯಕ್ಕೆ 3,000. ಆಸ್ತಿಯ ಮೌಲ್ಯಮಾಪನಕ್ಕೆ 2,500. ಒಟ್ಟು 19,660.

ಇವುಗಳಲ್ಲಿ ಮೊದಲ ಎರಡು ಬ್ಯಾಂಕಿನ ಸೇವೆಯ ಬೆಲೆ ಮತ್ತು ಅದರ ತೆರಿಗೆ. ನಿಮ್ಮ ಮುಖ್ಯ ಬೇಡಿಕೆ ಈ 14,160. ಕೊನೆಯ ಎರಡು ಬೇರೆಯವರಿಗೆ ಹೋದ ಹಣ. ವಕೀಲರು ನಿಜವಾಗಿ ದಾಖಲೆ ಓದಿ ಅಭಿಪ್ರಾಯ ಬರೆದಿದ್ದರೆ, ಮೌಲ್ಯಮಾಪಕರು ಸ್ಥಳಕ್ಕೆ ಹೋಗಿ ಅಳೆದಿದ್ದರೆ ಅವರ ಕೂಲಿ ಮುಗಿದ ಮಾತು. ಅದನ್ನು ಬ್ಯಾಂಕಿನಿಂದ ಕೇಳುವುದು ನನಗೆ ನ್ಯಾಯವೆನಿಸುವುದಿಲ್ಲ, ಸಿಗುವುದೂ ಕಷ್ಟ. ಆದರೆ ಆ ಕೆಲಸ ನಡೆದಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ವರದಿಗಳ ಪ್ರತಿ ಮತ್ತು ಬಿಲ್ಲನ್ನು ಕೇಳಿ. ಮಾಸ್ತರರ ವಿಷಯದಲ್ಲಿ ವಕೀಲರ ಅಭಿಪ್ರಾಯ ಆರು ಪುಟ ಇತ್ತು, ಬಂತು. ಮೌಲ್ಯಮಾಪನದ ವರದಿ ಬರಲೇ ಇಲ್ಲ. ಮನೆಯಲ್ಲಿದ್ದವರನ್ನು ವಿಚಾರಿಸಿದರೆ ಅಳೆಯಲು ಯಾರೂ ಬಂದಿರಲಿಲ್ಲ. ಹೀಗೆ ಆ 2,500 ಕೂಡ ನಮ್ಮ ಬೇಡಿಕೆಗೆ ಸೇರಿತು.

ಶುಲ್ಕದ ಬಗ್ಗೆ ಬ್ಯಾಂಕ್ ಮೊದಲೇ ಏನು ಹೇಳಿತ್ತು?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ‘ಬ್ಯಾಂಕ್ ರದ್ದು ಮಾಡಿದರೆ ಪೂರ್ತಿ ಶುಲ್ಕ ಕೊಡಲೇಬೇಕೆಂದು ಆರ್‌ಬಿಐ ನಿಯಮವಿದೆ’ ಎಂದು ಹಲವರು ಹೇಳುತ್ತಾರೆ. ಅಂಥ ಒಂದೇ ಸಾಲಿನ ನಿಯಮವನ್ನು ನೆಚ್ಚಿಕೊಂಡು ಪತ್ರ ಬರೆದರೆ ಮೊದಲ ಉತ್ತರದಲ್ಲೇ ಸೋಲುತ್ತೀರಿ. ಸಂಹಿತೆ ಹೇಳುವುದು ಬೇರೆ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಅರ್ಜಿ ಒಪ್ಪದಿದ್ದರೆ ಅದರಲ್ಲಿ ಎಷ್ಟನ್ನು ಹಿಂತಿರುಗಿಸಲಾಗುತ್ತದೆ ಎಂಬುದನ್ನು ಸಾಲದ ಅರ್ಜಿ ನಮೂನೆಯಲ್ಲೇ ತಿಳಿಸಬೇಕು ಎಂದು. ಅಂದರೆ ಎಷ್ಟು ಎಂಬುದನ್ನು ಬ್ಯಾಂಕ್ ನಿರ್ಧರಿಸಬಹುದು, ಆದರೆ ಮುಂಚಿತವಾಗಿ ಹೇಳಬೇಕು.

ಆದ್ದರಿಂದ ಮೂರು ಕಾಗದಗಳನ್ನು ಎದುರಿಗೆ ಹರಡಿಕೊಳ್ಳಿ: ಅರ್ಜಿ ನಮೂನೆ, ಮಂಜೂರಾತಿ ಪತ್ರ, ಮುಖ್ಯ ಅಂಶಗಳ ಪತ್ರ. ಕೊನೆಯದನ್ನು ಬ್ಯಾಂಕಿನವರು ಕೆಎಫ್‌ಎಸ್ ಎನ್ನುತ್ತಾರೆ. 2024ರ ಏಪ್ರಿಲ್ 15ರ ಆರ್‌ಬಿಐ ಸುತ್ತೋಲೆಯಂತೆ ಅದೇ ವರ್ಷದ ಅಕ್ಟೋಬರ್ 1ರಿಂದ ವೈಯಕ್ತಿಕ ಸಾಲಗಾರರಿಗೆ ಇದನ್ನು ಕೊಡಲೇಬೇಕು, ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಬಡ್ಡಿಯಲ್ಲದೆ ಬ್ಯಾಂಕ್ ವಸೂಲು ಮಾಡುವ ಪ್ರತಿಯೊಂದು ಶುಲ್ಕವೂ ಅದರಲ್ಲಿರುತ್ತದೆ. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಕಡಿತ ಮಾಡುವಂತಿಲ್ಲ. ದೂರು ಯಾರಿಗೆ ಕೊಡಬೇಕು ಎಂಬ ನೋಡಲ್ ಅಧಿಕಾರಿಯ ವಿವರವೂ ಇದರ ಎರಡನೆಯ ಭಾಗದಲ್ಲೇ ಸಿಗುತ್ತದೆ.

ಓದುವಾಗ ‘ನಾನ್ ರಿಫಂಡಬಲ್’ ಎಂಬ ಪದ ಕಂಡ ಕೂಡಲೇ ಕೈಬಿಡಬೇಡಿ. ಆ ಪದ ಯಾವ ವಾಕ್ಯದಲ್ಲಿದೆ ನೋಡಿ. ಮಾಸ್ತರರ ಮಂಜೂರಾತಿ ಪತ್ರದಲ್ಲಿ ಇದ್ದದ್ದು ‘ಗ್ರಾಹಕರು ಸಾಲ ಪಡೆಯದಿದ್ದರೆ ಶುಲ್ಕ ಹಿಂತಿರುಗಿಸಲಾಗುವುದಿಲ್ಲ’ ಎಂದು. ಗ್ರಾಹಕ ಪಡೆಯದಿರುವುದು ಬೇರೆ, ಬ್ಯಾಂಕ್ ಕೊಡದಿರುವುದು ಬೇರೆ. ಎರಡನೆಯದರ ಬಗ್ಗೆ ಅರ್ಜಿಯೂ ಮೌನ, ಮಂಜೂರಾತಿ ಪತ್ರವೂ ಮೌನ. ನಮ್ಮ ಇಡೀ ದೂರು ಈ ಮೌನದ ಮೇಲೆಯೇ ನಿಂತಿತು. ನಿಮ್ಮ ಕಾಗದದಲ್ಲಿ ‘ಯಾವುದೇ ಕಾರಣಕ್ಕೂ, ಬ್ಯಾಂಕ್ ಹಿಂಪಡೆದರೂ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಹಾದಿ ಕಠಿಣ. ಆಗ ಸೇವೆ ಕೊಡದೆ ಬೆಲೆ ಇಟ್ಟುಕೊಳ್ಳುವುದು ನ್ಯಾಯವಲ್ಲ ಎಂಬ ವಾದವೊಂದೇ ಉಳಿಯುತ್ತದೆ.

ಶಾಖೆಗೆ ಬರೆಯುವ ಪತ್ರ

ನಾವು ಮೇ 13ರಂದು ಕೊಟ್ಟ ಪತ್ರದ ಸಾರವನ್ನು ಕೆಳಗೆ ಕೊಡುತ್ತೇನೆ. ನಿಮ್ಮ ವಿವರ ತುಂಬಿಕೊಂಡು ಬಳಸಬಹುದು.

> ಇವರಿಗೆ: ಶಾಖಾ ವ್ಯವಸ್ಥಾಪಕರು
> ವಿಷಯ: ಬ್ಯಾಂಕ್ ಮಂಜೂರಾತಿ ಹಿಂಪಡೆದ ಕಾರಣ ಪ್ರೊಸೆಸಿಂಗ್ ಶುಲ್ಕ ಹಿಂತಿರುಗಿಸುವ ಬಗ್ಗೆ. ಇದು ಲಿಖಿತ ದೂರು.
>
> ಮಾನ್ಯರೇ,
> ತಮ್ಮ ಶಾಖೆಯು 03.03.2025ರಂದು ನನಗೆ 24 ಲಕ್ಷ ರೂಪಾಯಿ ಗೃಹಸಾಲ ಮಂಜೂರು ಮಾಡಿತ್ತು. ಇದಕ್ಕಾಗಿ 10.02.2025ರಂದು ನನ್ನ ಉಳಿತಾಯ ಖಾತೆಯಿಂದ ಪ್ರೊಸೆಸಿಂಗ್ ಶುಲ್ಕ 12,000 ಮತ್ತು ಜಿಎಸ್‌ಟಿ 2,160, ಮೌಲ್ಯಮಾಪನ ಶುಲ್ಕ 2,500 ರೂಪಾಯಿ ಕಡಿತವಾಗಿದೆ.
> ಮಂಜೂರಾತಿಯ ಅವಧಿ ಇರುವಾಗಲೇ, ಪ್ರಾದೇಶಿಕ ಕಚೇರಿಯ ಸೂಚನೆಯಂತೆ ಅದನ್ನು ಹಿಂಪಡೆದಿರುವುದಾಗಿ ತಮ್ಮ 09.05.2025ರ ಪತ್ರದಲ್ಲಿ ತಿಳಿಸಿದ್ದೀರಿ. ನಾನು ಸಾಲವನ್ನು ನಿರಾಕರಿಸಿಲ್ಲ. ನನ್ನ ದಾಖಲೆಗಳಲ್ಲಿ ಯಾವ ಲೋಪವನ್ನೂ ತಾವು ತಿಳಿಸಿಲ್ಲ.
> ಬ್ಯಾಂಕ್ ಮಂಜೂರಾತಿ ಹಿಂಪಡೆದರೆ ಶುಲ್ಕವನ್ನು ಉಳಿಸಿಕೊಳ್ಳಲಾಗುವುದು ಎಂದು ಅರ್ಜಿಯಲ್ಲಾಗಲಿ, ಮಂಜೂರಾತಿ ಪತ್ರದಲ್ಲಾಗಲಿ, ಮುಖ್ಯ ಅಂಶಗಳ ಪತ್ರದಲ್ಲಾಗಲಿ ತಿಳಿಸಿಲ್ಲ. ಮೌಲ್ಯಮಾಪನ ನಡೆದಿರುವುದಕ್ಕೆ ವರದಿಯನ್ನು ಕೇಳಿದರೂ ಕೊಟ್ಟಿಲ್ಲ.
> ಆದ್ದರಿಂದ ಒಟ್ಟು 16,660 ರೂಪಾಯಿಯನ್ನು ಅದೇ ಖಾತೆಗೆ ಜಮಾ ಮಾಡಬೇಕು. ಜಿಎಸ್‌ಟಿಗೆ ಸಂಬಂಧಿಸಿ ಕ್ರೆಡಿಟ್ ನೋಟ್ ನೀಡಬೇಕು. ಸಾಧ್ಯವಿಲ್ಲವೆಂದಾದರೆ ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಗಮನಿಸಿ. ‘ಸಾಲ ಯಾಕೆ ರದ್ದು ಮಾಡಿದಿರಿ, ಮತ್ತೆ ಕೊಡಿ’ ಎಂದು ನಾವು ಎಲ್ಲೂ ಕೇಳಲಿಲ್ಲ. ಮಾಸ್ತರರಿಗೆ ಆ ಸಿಟ್ಟು ಬಹಳ ಇತ್ತು, ಬರೆಯಲೇಬೇಕೆಂದು ಹಟ ಹಿಡಿದರು. ನಾನು ಬಿಡಲಿಲ್ಲ. ಸಾಲ ಕೊಡುವುದು, ಬಿಡುವುದು ಬ್ಯಾಂಕಿನ ವಾಣಿಜ್ಯ ತೀರ್ಮಾನ. ಅಂಥ ತೀರ್ಮಾನದ ಮೇಲಿನ ದೂರನ್ನು, ಬ್ಯಾಂಕುಗಳ ವಿರುದ್ಧದ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಸ್ವೀಕರಿಸುವುದೇ ಇಲ್ಲ. ಇಲ್ಲಿಯ ಪತ್ರವೇ ಮುಂದೆ ಅಲ್ಲಿಗೆ ಹೋಗುವುದರಿಂದ, ಎರಡು ಬೇಡಿಕೆ ಬೆರೆಸಿದರೆ ಗಟ್ಟಿಯಾದ ಬೇಡಿಕೆಯೂ ದುರ್ಬಲ ಬೇಡಿಕೆಯ ಜೊತೆ ಕೊಚ್ಚಿಹೋಗುತ್ತದೆ. ನಿಮ್ಮ ದೂರು ಸಾಲದ ಬಗ್ಗೆ ಅಲ್ಲ, ಇಟ್ಟುಕೊಂಡ ಹಣದ ಬಗ್ಗೆ ಮಾತ್ರ.

ಪತ್ರವನ್ನು ಎರಡು ಪ್ರತಿ ಮಾಡಿ ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಪಡೆಯಿರಿ. ‘ಮ್ಯಾನೇಜರ್ ಇಲ್ಲ, ನಾಳೆ ಬನ್ನಿ’ ಎಂದರೆ ಅಲ್ಲಿಯೇ ವಾದಿಸುತ್ತ ನಿಲ್ಲುವುದು ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಹಳೆಯ ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೇ ಸೇರಿರುವುದರಿಂದ ಈಗ ರಿಜಿಸ್ಟರ್ ಪೋಸ್ಟ್ ಎಂದು ಹುಡುಕಬೇಕಾಗಿಲ್ಲ. ಅದೇ ದಿನ ಬ್ಯಾಂಕಿನ ಜಾಲತಾಣದಲ್ಲೂ ದೂರು ದಾಖಲಿಸಿ ದೂರಿನ ಸಂಖ್ಯೆ ಪಡೆಯಿರಿ. ಬ್ಯಾಂಕಿನ ಉತ್ತರಕ್ಕೆ ಕಾಯಬೇಕಾದ 30 ದಿನಗಳ ಲೆಕ್ಕ ಈ ಸಂಖ್ಯೆ ಮತ್ತು ದಿನಾಂಕದಿಂದಲೇ ಶುರುವಾಗುತ್ತದೆ. ಕೌಂಟರಿನಲ್ಲಿ ಹತ್ತು ಸಲ ಬಾಯಿಮಾತಿನಲ್ಲಿ ಕೇಳಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಜಿಎಸ್‌ಟಿಗೆ ಬೇರೆಯೇ ಗಡುವಿದೆ

ಶುಲ್ಕ ಕೊಡಲು ಒಪ್ಪಿದ ಬ್ಯಾಂಕೂ ‘ತೆರಿಗೆ ಸರ್ಕಾರಕ್ಕೆ ಹೋಗಿದೆ, ಅದು ಬರುವುದಿಲ್ಲ’ ಎಂದು ಹೇಳುವುದುಂಟು. ಇದು ಅರ್ಧ ಸತ್ಯ. ಸೇವೆಯ ಬೆಲೆಯನ್ನು ಹಿಂತಿರುಗಿಸಿದಾಗ ಬ್ಯಾಂಕ್ ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನ ಅಡಿಯಲ್ಲಿ ಕ್ರೆಡಿಟ್ ನೋಟ್ ಹೊರಡಿಸಿ ತನ್ನ ತೆರಿಗೆಯ ಹೊಣೆಯನ್ನು ಅಷ್ಟು ಇಳಿಸಿಕೊಳ್ಳಬಹುದು. ಹಾಗೆ ಇಳಿಸಿಕೊಂಡ ಹಣ ನಿಮ್ಮದು. ಆದರೆ ಇದಕ್ಕೆ ಕಾಲಮಿತಿ ಇದೆ. ಶುಲ್ಕ ಪಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಥವಾ ಬ್ಯಾಂಕ್ ವಾರ್ಷಿಕ ರಿಟರ್ನ್ ಸಲ್ಲಿಸುವ ದಿನದೊಳಗೆ, ಎರಡರಲ್ಲಿ ಯಾವುದು ಮೊದಲೋ ಅಷ್ಟರಲ್ಲಿ ಇದು ಆಗಬೇಕು.

ಮಾಸ್ತರರು ಶುಲ್ಕ ಕಟ್ಟಿದ್ದು 2025ರ ಫೆಬ್ರವರಿ 10ರಂದು, ಅಂದರೆ 2024-25ರ ಸಾಲಿನಲ್ಲಿ. ಹಾಗಾಗಿ ಅವರಿಗೆ ಕೊನೆಯ ಗಡಿ 2025ರ ನವೆಂಬರ್ 30. ಎರಡೇ ತಿಂಗಳು ತಡವಾಗಿ ಏಪ್ರಿಲ್‌ನಲ್ಲಿ ಕಟ್ಟಿದ್ದರೆ ಇನ್ನೂ ಒಂದು ವರ್ಷ ಸಿಗುತ್ತಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಶುಲ್ಕ ಕಟ್ಟಿದವರು ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಗಡುವು ದಾಟಿದ ಮೇಲೆ ತೆರಿಗೆಯಷ್ಟನ್ನು ಬ್ಯಾಂಕ್ ತನ್ನ ಕೈಯಿಂದ ಕೊಡಬೇಕಾಗುತ್ತದೆ. ಹಾಗೆ ಕೊಡಲು ಯಾರೂ ಮುಂದೆ ಬರುವುದಿಲ್ಲ.

30 ದಿನಗಳ ನಂತರ

ಮೂವತ್ತು ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೂ ಕಾಲಮಿತಿ ಇರುವುದರಿಂದ ತಿಂಗಳು ಮುಗಿದ ವಾರದಲ್ಲೇ ಕೊಡುವುದು ಒಳ್ಳೆಯದು. ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಡ. ನಿಮ್ಮ ಪರವಾಗಿ ವಕೀಲರು ಸಲ್ಲಿಸಿದರೆ ಸ್ವೀಕರಿಸುವುದಿಲ್ಲ. ಬೆಂಗಳೂರಿಗೂ ಹೋಗಬೇಕಾಗಿಲ್ಲ. ದೂರು ಸಲ್ಲಿಸುವ ಜಾಲತಾಣ cms.rbi.org.in. ಏನಾದರೂ ಅನುಮಾನವಿದ್ದರೆ 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಜಾಲತಾಣದಲ್ಲಿ ಹೆಜ್ಜೆಗಳು ಕಷ್ಟವಲ್ಲ. ಮೊಬೈಲ್ ಸಂಖ್ಯೆಗೆ ಒಟಿಪಿ ಬರುತ್ತದೆ, ಬ್ಯಾಂಕಿನ ಹೆಸರು ಆರಿಸಬೇಕು, ನಂತರ ಕೆಲವು ಪ್ರಶ್ನೆಗಳು ಬರುತ್ತವೆ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ‘ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟಿದ್ದೀರಾ’ ಎಂಬುದಕ್ಕೆ ಹೌದು ಎಂದು ಹೇಳಿ, ಅದರ ದಿನಾಂಕವನ್ನೂ ಪ್ರತಿಯನ್ನೂ ಹಾಕಬೇಕು. ಇಲ್ಲ ಎಂದರೆ ದೂರು ಅಲ್ಲಿಗೇ ಮುಗಿಯುತ್ತದೆ. ಇದೇ ವಿಷಯ ನ್ಯಾಯಾಲಯದಲ್ಲಿ ಇದೆಯೇ ಎಂದೂ ಕೇಳುತ್ತದೆ. ಗ್ರಾಹಕ ಆಯೋಗದಲ್ಲಿ ಪ್ರಕರಣ ಹೂಡಿದ್ದರೆ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಮೊದಲು ಒಂಬುಡ್ಸ್‌ಮನ್, ಆಮೇಲೆ ಬೇಕಾದರೆ ಆಯೋಗ ಎಂಬ ಕ್ರಮವೇ ಸರಿ.

ದೂರಿನ ವಿವರದಲ್ಲಿ ಪತ್ರದ ಸಾರವನ್ನೇ ಹತ್ತು ಸಾಲಿನಲ್ಲಿ ಬರೆಯಿರಿ. ಮಂಜೂರಾತಿ ಪತ್ರ, ಹಿಂಪಡೆದ ಪತ್ರ, ಕಡಿತ ತೋರಿಸುವ ಪಾಸ್‌ಬುಕ್ ಪುಟ, ನಿಮ್ಮ ದೂರು ಮತ್ತು ಸ್ವೀಕೃತಿ, ಇವು ಇರಲೇಬೇಕು. ಮಾಸ್ತರರು ಜೂನ್ 16ರಂದು ಸಲ್ಲಿಸಿದರು. ಜುಲೈ 4ರಂದು ಅವರ ಖಾತೆಗೆ 12,000 ಬಂತು. ಅದೇ ಸಂಜೆ ಶಾಖೆಯಿಂದ ಫೋನ್: ‘ಹಣ ಬಂತಲ್ಲ ಸರ್, ದೂರು ಮುಗಿಯಿತೆಂದು ಒಂದು ಇಮೇಲ್ ಹಾಕಿಬಿಡಿ.’ ಮಾಸ್ತರರು ಸಂತೋಷದಲ್ಲಿ ಬರೆದೇಬಿಡುತ್ತಿದ್ದರು. ಬದಲಿಗೆ ಬರೆಸಿದ್ದು ಇಷ್ಟು: 12,000 ಜಮೆಯಾಗಿದೆ, ಜಿಎಸ್‌ಟಿ 2,160 ಮತ್ತು ಮೌಲ್ಯಮಾಪನ ಶುಲ್ಕ 2,500 ಬಾಕಿ ಇದೆ, ಆದ್ದರಿಂದ ದೂರು ಇತ್ಯರ್ಥವಾಗಿಲ್ಲ. ಜುಲೈ 21ರಂದು ಉಳಿದ 4,660 ಬಂತು. ಪೂರ್ತಿ ಹಣ ಪಾಸ್‌ಬುಕ್ಕಿನಲ್ಲಿ ಕಾಣುವವರೆಗೆ ‘ತೃಪ್ತನಾಗಿದ್ದೇನೆ’ ಎಂಬ ಮಾತು ನಿಮ್ಮ ಇಮೇಲಿನಿಂದ ಹೋಗಬಾರದು.

ಸಾಲ ಕೊಟ್ಟ ಸಂಸ್ಥೆ ಯಾವ ಬಗೆಯದು ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ವಾಣಿಜ್ಯ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕಿಗೂ ಇದೇ ದಾರಿ. ಆದರೆ ಗೃಹಸಾಲ ಕೊಟ್ಟಿದ್ದು ಹೌಸಿಂಗ್ ಫೈನಾನ್ಸ್ ಕಂಪನಿಯಾಗಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಯೋಜನೆ ಅದಕ್ಕೆ ಅನ್ವಯಿಸುವುದಿಲ್ಲ, ಆ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ ಹೋಗಬೇಕು. ಪತ್ತಿನ ಸಹಕಾರ ಸಂಘವಾಗಿದ್ದರೆ ಸಹಕಾರ ಇಲಾಖೆಗೆ. ಹೆಸರಿನಲ್ಲಿ ಬ್ಯಾಂಕಿನ ಛಾಯೆ ಇದ್ದ ಮಾತ್ರಕ್ಕೆ ಅದು ಬ್ಯಾಂಕ್ ಆಗುವುದಿಲ್ಲ. ಮಂಜೂರಾತಿ ಪತ್ರದ ತಲೆಯಲ್ಲಿರುವ ಪೂರ್ತಿ ಹೆಸರನ್ನು ಓದಿ.

ಬ್ಯಾಂಕ್ ಕಾರಣವನ್ನೇ ಕೊಡದಿದ್ದರೆ

ಸರ್ಕಾರಿ ವಲಯದ ಬ್ಯಾಂಕಾಗಿದ್ದರೆ ಮಾಹಿತಿ ಹಕ್ಕು ಕಾಯ್ದೆ ಕೆಲಸಕ್ಕೆ ಬರುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಬ್ಯಾಂಕಿನ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಬೇಕು. ಕೇಳಬೇಕಾದದ್ದು ಎರಡೇ: ನನ್ನ ಸಾಲದ ಕಡತದಲ್ಲಿ ಮಂಜೂರಾತಿ ರದ್ದು ಮಾಡಿದ ಟಿಪ್ಪಣಿಯ ಪ್ರತಿ, ಮತ್ತು ಮಂಜೂರಾತಿ ರದ್ದಾದಾಗ ಪ್ರೊಸೆಸಿಂಗ್ ಶುಲ್ಕ ಹಿಂತಿರುಗಿಸುವ ಬಗ್ಗೆ ಬ್ಯಾಂಕಿನಲ್ಲಿ ಜಾರಿಯಲ್ಲಿರುವ ಸುತ್ತೋಲೆಯ ಪ್ರತಿ. ‘ಯಾಕೆ ಕೊಡಲಿಲ್ಲ’ ಎಂಬಂಥ ಪ್ರಶ್ನೆ ಬೇಡ. ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ತಳ್ಳಿಹಾಕುತ್ತಾರೆ. ಇರುವ ಕಾಗದದ ಪ್ರತಿಯನ್ನೇ ಕೇಳಿ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ. ಖಾಸಗಿ ಬ್ಯಾಂಕಿಗೆ ಈ ದಾರಿ ಇಲ್ಲ.

ಗ್ರಾಹಕ ಆಯೋಗ

ಒಂಬುಡ್ಸ್‌ಮನ್ ದೂರನ್ನು ತಿರಸ್ಕರಿಸಿದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಉಳಿದಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಪ್ರಕರಣ ಹೂಡಬಹುದು, ಬ್ಯಾಂಕಿನ ಕೇಂದ್ರ ಕಚೇರಿ ಮುಂಬೈಯಲ್ಲಿದ್ದರೂ ಕಲಬುರಗಿಯಲ್ಲಿಯೇ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೂಡಬೇಕು. ಹದಿನಾರು ಸಾವಿರಕ್ಕೆ ಅಷ್ಟು ಓಡಾಟ ಬೇಕೇ ಎಂಬುದು ನಿಮ್ಮ ನಿರ್ಧಾರ. ಮಂಜೂರಾತಿ ನಂಬಿ ಕೊಟ್ಟ ಮುಂಗಡವೂ ಮುಳುಗಿದ್ದರೆ ನಾನು ಹೋಗುತ್ತಿದ್ದೆ, ಬರೀ ಶುಲ್ಕಕ್ಕಾದರೆ ಒಂಬುಡ್ಸ್‌ಮನ್ ಹಂತದಲ್ಲೇ ಗಟ್ಟಿಯಾಗಿ ಪ್ರಯತ್ನಿಸುತ್ತಿದ್ದೆ.

ಹಣ ಬಂದ ಮೇಲೆ ಉಳಿಯುವ ಕೆಲಸ

ಸಾಲ ಪಡೆಯುವ ಹಂತಕ್ಕೆ ಹೋದವರು ಕಂತಿನ ಕಡಿತಕ್ಕೆ ನ್ಯಾಚ್ ಒಪ್ಪಿಗೆ, ಸಹಿ ಹಾಕಿದ ಚೆಕ್ಕುಗಳು, ಕೆಲವೊಮ್ಮೆ ಮೂಲ ದಾಖಲೆಗಳನ್ನೂ ಕೊಟ್ಟಿರುತ್ತಾರೆ. ಅವುಗಳ ಪಟ್ಟಿ ಮಾಡಿ, ಒಂದೊಂದನ್ನೂ ವಾಪಸ್ ಪಡೆದು, ನ್ಯಾಚ್ ರದ್ದಾದ ದೃಢೀಕರಣವನ್ನು ಕೇಳಿ. ಸಾಲದ ಖಾತೆ ಸಂಖ್ಯೆ ತೆರೆದಿದ್ದರೆ ಅದನ್ನು ಮುಚ್ಚಿದ್ದಾರೆಯೇ ನೋಡಬೇಕು. ಒಂದು ರೂಪಾಯಿಯೂ ಬಿಡುಗಡೆಯಾಗದ ಸಾಲ ಕ್ರೆಡಿಟ್ ವರದಿಯಲ್ಲಿ ಚಾಲ್ತಿಯಲ್ಲಿರುವಂತೆ ಕಂಡರೆ ಮುಂದಿನ ಬ್ಯಾಂಕ್ ಅದನ್ನೂ ನಿಮ್ಮ ಹೊರೆಯೆಂದು ಎಣಿಸುತ್ತದೆ. ಎರಡು ತಿಂಗಳ ನಂತರ ಮಾಸ್ತರರ ವರದಿ ತೆಗೆಸಿ ನೋಡಿದೆವು. ಬ್ಯಾಂಕ್ ವಿಚಾರಣೆ ಮಾಡಿದ ಒಂದು ಸಾಲು ಮಾತ್ರ ಇತ್ತು, ಸಾಲದ ಖಾತೆ ಇರಲಿಲ್ಲ. ಆ ಆರು ಪುಟದ ವಕೀಲರ ಅಭಿಪ್ರಾಯದ ಪ್ರತಿಯನ್ನು ಇಟ್ಟುಕೊಂಡು ಅವರು ಈಗ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಿದ್ದಾರೆ. ಈ ಸಲ ಶುಲ್ಕ ಕಟ್ಟುವ ಮೊದಲೇ, ಬ್ಯಾಂಕ್ ಹಿಂಪಡೆದರೆ ಎಷ್ಟು ಹಿಂತಿರುಗಿಸುತ್ತೀರಿ ಎಂದು ಇಮೇಲಿನಲ್ಲಿ ಕೇಳಿ ಉತ್ತರ ಪಡೆದುಕೊಂಡಿದ್ದಾರೆ.